ಫೋಟೊದಲ್ಲಿರುವ ಫ್ರಿಂಜ್ ನಮ್ಮ ಹಣೆಗೆ ಏಕೆ ಒಪ್ಪುವುದಿಲ್ಲ?

ಡಿಗ್ರಿ ಓದುತ್ತಿದ್ದಾಗ ಪತ್ರಿಕೆಯಿಂದ ಕತ್ತರಿಸಿಟ್ಟ ನಟಿಯೊಬ್ಬರ ಫೋಟೊ ಹಿಡಿದು ಪಾರ್ಲರ್‌ಗೆ ಹೋಗಿದ್ದೆ. ಹುಬ್ಬಿನವರೆಗೆ ನೇರವಾಗಿ ಇಳಿದ ಫ್ರಿಂಜ್. ‘ಇದೇ ಥರ ಬೇಕು’ ಎಂದೆ. ಅವರು ಕೂದಲು ಒದ್ದೆ ಮಾಡಿ, ಬಾಚಿ, ಹುಬ್ಬಿನ ಮಟ್ಟಕ್ಕೆ ಕತ್ತರಿ ಆಡಿಸಿದರು. ಕನ್ನಡಿಯಲ್ಲಿ ನೋಡಿದರೆ ಥೇಟ್ ಫೋಟೊದ ಹಾಗೆಯೇ. ಮನೆ ಸೇರುವಷ್ಟರಲ್ಲಿ ಕೂದಲು ಒಣಗಿತು. ಹುಬ್ಬಿನ ಮೇಲಿದ್ದದ್ದು ಅರ್ಧ ಹಣೆಗೆ ಏರಿತ್ತು. ಎಡಗಡೆಯ ಒಂದು ಗೊಂಚಲು ಹುಂಜದ ಜುಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು. ಬಾಗಿಲು ತೆಗೆದ ಅಮ್ಮ ಕೇಳಿದ್ದು ಒಂದೇ ಮಾತು: ‘ಇಲಿ ಕಡೀತೇನೇ?’

ಕತ್ತರಿಸಿದವರದೇ ತಪ್ಪು ಎಂದು ತುಂಬಾ ದಿನ ಬೈದುಕೊಂಡಿದ್ದೆ. ಈಗ ಅನಿಸುತ್ತದೆ, ಅರ್ಧ ತಪ್ಪು ನನ್ನದು. ಆ ಫ್ರಿಂಜ್ ಅನ್ನು ಯಾರೋ ಆ ನಟಿಯ ಹಣೆ ನೋಡಿ, ಅವರ ಕೂದಲು ಮುಟ್ಟಿ ನೋಡಿ ಮಾಡಿದ್ದರು. ನಾನು ಅದನ್ನು ಅಳತೆ ಕೊಡದೆ ಹೊಲಿಸಿದ ಬ್ಲೌಸ್ ಥರ ತಲೆಗೆ ಏರಿಸಿಕೊಂಡಿದ್ದೆ.

ಸಾಧನಾ ಮಾಡಿದ್ದೇನು?

‘ಸಾಧನಾ ಕಟ್’ ಎಂಬ ಹೆಸರು ಹಿರಿಯರಿಗೆ ಇನ್ನೂ ನೆನಪಿರುತ್ತದೆ. 1960ರ ‘ಲವ್ ಇನ್ ಸಿಮ್ಲಾ’ ಚಿತ್ರಕ್ಕೆ ನಾಯಕಿಯಾಗಿ ಬಂದ ಸಾಧನಾ ಅವರ ಹಣೆ ಅಗಲ. ಕ್ಯಾಮೆರಾದಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ಆಗ ನಿರ್ದೇಶಕ ಆರ್.ಕೆ. ನಯ್ಯರ್ ಅವರಿಗೆ ನೆನಪಾದದ್ದು ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಅವರ ಫ್ರಿಂಜ್.

ಅಂದರೆ ಸಾಧನಾ ಕಟ್ ಕೂಡ ಇನ್ನೊಬ್ಬರಿಂದ ತಂದದ್ದೇ. ಆದರೆ ತಂದ ರೀತಿ ನೋಡಿ. ಹೆಪ್‌ಬರ್ನ್ ಅವರ ಹಾಗೆ ತಲೆಗೂದಲನ್ನೆಲ್ಲ ಗಿಡ್ಡ ಮಾಡಲಿಲ್ಲ. ಹಣೆಯ ಮೇಲೆ ಬೀಳುವ ಭಾಗವನ್ನಷ್ಟೇ ತೆಗೆದುಕೊಂಡರು. ಹಿಂದಿನ ಉದ್ದ ಕೂದಲು, ತುರುಬು ಹಾಗೇ ಉಳಿಯಿತು. ಹಣೆ ಅಗಲ ಎಂಬ ಒಂದು ತೊಂದರೆ ಇತ್ತು, ಅದಕ್ಕೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಂಡರು. ಆಮೇಲೆ ಚಿಕ್ಕ ಹಣೆಯವರೂ ಅದನ್ನೇ ಮಾಡಿಸಿಕೊಂಡಾಗ ಕಣ್ಣಿನ ಮೇಲೆ ಚಪ್ಪರ ಕಟ್ಟಿದ ಹಾಗಾಯಿತು. ಮುಚ್ಚಲು ಅಲ್ಲಿ ಹಣೆಯೇ ಇರಲಿಲ್ಲ ಅಲ್ವಾ?

ಹಾಗಾದರೆ ನಮ್ಮ ಹಣೆಗೆ ಬೇಕಾದಷ್ಟನ್ನು ಎತ್ತಿಕೊಳ್ಳುವುದು ಹೇಗೆ? ಹೋದ ವರ್ಷ ನನ್ನ ಚಿಕ್ಕಮ್ಮನ ಮಗಳು ಫೋನಿನಲ್ಲಿ ನಟಿಯೊಬ್ಬರ ಫೋಟೊ ಹಿಡಿದು ಬಂದಳು. ಹಣೆ ತುಂಬಾ ದಟ್ಟವಾದ, ನೇರ ಫ್ರಿಂಜ್. ಅವಳದ್ದು ಅಲೆಅಲೆ ಕೂದಲು, ಮೇಲೆ ಕನ್ನಡಕ ಬೇರೆ. ಪಾರ್ಲರ್‌ಗೆ ಹೋಗುವ ಮೊದಲು ಇಬ್ಬರೂ ಕೂತು ಒಂದು ಭಾನುವಾರ ಪೂರ್ತಿ ಕಳೆದೆವು. ಅವತ್ತು ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ.

1. ಹೆಬ್ಬೆರಳಿನಿಂದ ಫೋಟೊ ಮುಚ್ಚಿ

ಮೊದಲು ಮುಖ ಮುಚ್ಚಿ, ಕೂದಲನ್ನಷ್ಟೇ ನೋಡಿ. ಆಮೇಲೆ ಕೂದಲು ಮುಚ್ಚಿ, ಮುಖವನ್ನಷ್ಟೇ ನೋಡಿ. ಕೂದಲು ಮುಚ್ಚಿದಾಗಲೂ ಫೋಟೊ ಅಷ್ಟೇ ಚೆನ್ನಾಗಿ ಕಂಡರೆ ನಿಮಗೆ ಹಿಡಿಸಿದ್ದು ಆ ಮುಖ. ಕತ್ತರಿಯಿಂದ ಅದು ಸಿಗುವುದಿಲ್ಲ.

ತಂಗಿ ಹೀಗೆ ಮುಚ್ಚಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದಳು. ‘ಕೂದಲಲ್ಲಕ್ಕಾ, ಕಣ್ಣು ಎದ್ದು ಕಾಣುತ್ತಲ್ಲ, ಅದು ಇಷ್ಟ’ ಎಂದಳು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕಣ್ಣು ಎದ್ದು ಕಾಣಬೇಕು ಎಂದರೆ ದಾರಿ ಬಹಳ ಇವೆ, ದಟ್ಟ ಫ್ರಿಂಜ್ ಅದರಲ್ಲಿ ಒಂದು ಅಷ್ಟೇ.

ಅದೇ ನಟಿಯ ವಿಡಿಯೊ ಸಿಕ್ಕರೆ ನೋಡಿ. ನಡೆಯುವಾಗ, ಪಕ್ಕಕ್ಕೆ ತಿರುಗಿದಾಗ ಆ ಫ್ರಿಂಜ್ ಹೇಗಿರುತ್ತದೆ ಎಂಬುದು ಮುಖ್ಯ. ಫೋಟೊ ಎಂದರೆ ಡ್ರೈಯರ್, ದುಂಡು ಬ್ರಶ್, ಸ್ಪ್ರೇ ಎಲ್ಲ ಮುಗಿದ ಮೇಲಿನ ಒಂದು ಕ್ಷಣ. ‘ಫ್ರೆಂಡ್ಸ್’ ಧಾರಾವಾಹಿಯಿಂದ 90ರ ದಶಕದಲ್ಲಿ ಜಗತ್ತೆಲ್ಲ ಹಬ್ಬಿದ ‘ರೇಚಲ್’ ಕಟ್ ಗೊತ್ತಿರಬಹುದು. ಕೇಶ ವಿನ್ಯಾಸಕರ ಸಹಾಯವಿಲ್ಲದೆ ಅದನ್ನು ಸರಿಯಾಗಿ ಕೂರಿಸುವುದು ತನ್ನಿಂದಲೇ ಆಗುತ್ತಿರಲಿಲ್ಲ ಎಂದು ಜೆನ್ನಿಫರ್ ಅನಿಸ್ಟನ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

2. ಹಣೆ ಅಳೆಯಿರಿ, ಆದರೆ ಸೆಲ್ಫಿಯಲ್ಲಿ ಅಲ್ಲ

ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿ. ಹುಬ್ಬಿನಿಂದ ಕೂದಲು ಶುರುವಾಗುವಲ್ಲಿಯವರೆಗೆ ನಿಮ್ಮದೇ ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ. ಮೂರು ಬೆರಳು ಹಿಡಿಸದಿದ್ದರೆ ಚಿಕ್ಕ ಹಣೆ. ನಾಲ್ಕು ಬೆರಳು ಆರಾಮಾಗಿ ಕೂತರೆ ದೊಡ್ಡದು. ಇದು ವೈದ್ಯಕೀಯ ಅಳತೆಯಲ್ಲ, ಕೆಲಸ ನಡೆಯುವಷ್ಟು ಅಂದಾಜು.

ಫೋಟೊ ಬೇಕಿದ್ದರೆ ಐದಡಿ ದೂರದಿಂದ ಯಾರ ಕೈಯಲ್ಲಾದರೂ ತೆಗೆಸಿಕೊಳ್ಳಿ. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಫೋಟೊಗಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಅದನ್ನು ನೋಡಿ ಮುಖದ ಆಕಾರ ತೀರ್ಮಾನಿಸಿದರೆ, ಇಲ್ಲದ ದೋಷಕ್ಕೆ ಕತ್ತರಿ ಹಾಕಿದ ಹಾಗೆ.

3. ಸುಳಿ ಹುಡುಕಿ, ದಾರ ಕಟ್ಟಿ

ಹೆಚ್ಚಿನವರು ಎಡವುವುದು ಇಲ್ಲೇ. ಸುಳಿ ನೆತ್ತಿಯ ಮೇಲೆ ಮಾತ್ರ ಇರುತ್ತದೆ ಎಂದುಕೊಂಡಿರುತ್ತೇವೆ. ಕೆಲವರಿಗೆ ಹಣೆಯಂಚಿನಲ್ಲೂ ಇರುತ್ತದೆ. ಉದ್ದ ಕೂದಲಿದ್ದಾಗ ಅದರ ತೂಕವೇ ಸುಳಿಯನ್ನು ಒತ್ತಿ ಹಿಡಿಯುತ್ತದೆ. ಕತ್ತರಿಸಿದೊಡನೆ ತೂಕ ಹೋಗಿ ಸುಳಿ ಎದ್ದು ನಿಲ್ಲುತ್ತದೆ. ನನ್ನ ಹುಂಜದ ಜುಟ್ಟಿನ ಗುಟ್ಟು ಇದೇ.

ಕಂಡುಹಿಡಿಯುವುದು ಸುಲಭ. ಮುಂದಿನ ಕೂದಲನ್ನು ಬುಡದವರೆಗೂ ಒದ್ದೆ ಮಾಡಿ, ಹಿಂದಕ್ಕೆ ಬಾಚಿ, ಕೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ ಬಿಡಿ. ಎಲ್ಲಿ ಸೀಳಿಕೊಂಡು ಎರಡು ಕಡೆಗೆ ಬೀಳುತ್ತದೋ, ಎಲ್ಲಿ ಬುಡ ಮೇಲಕ್ಕೆ ತಿರುಗುತ್ತದೋ ಅಲ್ಲಿ ಸುಳಿ. ತಂಗಿಗೆ ಅದು ಎಡ ಹುಬ್ಬಿನ ನೇರಕ್ಕೆ ಇತ್ತು. ಕೂದಲು ಬಲಕ್ಕೆ ಹೊರಳುತ್ತಿತ್ತು.

ಇನ್ನು ದಾರದ ಪರೀಕ್ಷೆ. ಒದ್ದೆಯಾದಾಗ ಕೂದಲು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಲೆ ಅಥವಾ ಗುಂಗುರು ಕೂದಲಾದರೆ ಸುರುಳಿಯಿಂದ ಇನ್ನೂ ಮೇಲೇರುತ್ತದೆ. ಎಷ್ಟು ಎಂದು ಊಹಿಸುವ ಬದಲು ಅಳೆಯಬಹುದು. ಹಣೆಯ ನಡುವಿನಿಂದ ಒಂದು ಸಣ್ಣ ಎಳೆ ತೆಗೆದುಕೊಂಡು, ಒದ್ದೆಯಿರುವಾಗಲೇ ಮೂಗಿನ ತುದಿಯ ಮಟ್ಟದಲ್ಲಿ ಬಣ್ಣದ ದಾರ ಕಟ್ಟಿ. ಡ್ರೈಯರ್ ಹಾಕಬೇಡಿ, ತಾನಾಗಿ ಒಣಗಲಿ. ತಂಗಿಯ ದಾರ ಕೆಳರೆಪ್ಪೆಯ ಹತ್ತಿರಕ್ಕೆ ಬಂದು ನಿಂತಿತು, ಸುಮಾರು 3 ಸೆಂ.ಮೀ. ಮೇಲಕ್ಕೆ. ನಿಜವಾಗಿ ಕತ್ತರಿಸಿದರೆ ಇನ್ನೂ ಸ್ವಲ್ಪ ಏರುತ್ತದೆ, ಏಕೆಂದರೆ ಕೆಳಗೆ ಜಗ್ಗುವ ಉದ್ದ ಇರುವುದಿಲ್ಲ. ನೇರ ಕೂದಲಿನವರಿಗೆ ದಾರ ಅಷ್ಟೇನೂ ಕದಲುವುದಿಲ್ಲ, ಅವರು ಪುಣ್ಯವಂತರು.

4. ಅರ್ಧ ದಿನ ಸುಳ್ಳು ಫ್ರಿಂಜ್

ಕೂದಲನ್ನು ನೆತ್ತಿಯ ಮೇಲೆ ಎತ್ತರಕ್ಕೆ ಜುಟ್ಟು ಕಟ್ಟಿ, ತುದಿಯನ್ನು ಮುಂದಕ್ಕೆ ತಂದು ಹಣೆ ಮೇಲೆ ಇಳಿಬಿಟ್ಟು ಕ್ಲಿಪ್ ಹಾಕಿ. ನೋಡಲು ತಮಾಷೆಯಾಗಿರುತ್ತದೆ, ಪರವಾಗಿಲ್ಲ. ಹಾಗೇ ಓದಿ, ಅಡುಗೆ ಮಾಡಿ, ಕನ್ನಡಕ ಹಾಕಿ. ಎರಡು ಗಂಟೆಯಲ್ಲಿ ತಂಗಿಯ ಹಣೆ ಜಿಡ್ಡಾಗಿ ತುದಿಗಳು ಅಂಟಿಕೊಂಡವು. ಕನ್ನಡಕದ ಮೇಲಂಚಿಗೆ ಕೂದಲು ತಾಗಿ ತಾಗಿ ಅವಳು ಹತ್ತು ಸಲ ಪಕ್ಕಕ್ಕೆ ತಳ್ಳಿದಳು. ತಳ್ಳಿದ್ದೆಲ್ಲ ಬಲಕ್ಕೇ! ಸುಳಿ ಹೇಳಿದ್ದನ್ನು ಕೈಯೂ ಹೇಳಿತು.

ಹಣೆಯ ಮೇಲೆ ಮೊಡವೆ ಬರುವವರು ಇಲ್ಲಿ ಇನ್ನೊಮ್ಮೆ ಯೋಚಿಸಬೇಕು. ಕೂದಲಿನ ಜಿಡ್ಡು, ಬೆವರು, ಸ್ಟೈಲಿಂಗ್ ಕ್ರೀಮ್ ಎಲ್ಲ ಚರ್ಮಕ್ಕೆ ತಾಗಿಕೊಂಡೇ ಇರುತ್ತವೆ, ಮೊಡವೆ ಹೆಚ್ಚಾಗಬಹುದು.

5. ಈಗ ಬದಲಾಯಿಸಿ

ಫ್ರಿಂಜ್ ಎಂದರೆ ಹಣೆಯ ಮೇಲ್ಭಾಗದಲ್ಲಿ ತ್ರಿಕೋನವಾಗಿ ಬೇರ್ಪಡಿಸಿದ ಕೂದಲು. ಅದರ ಚೂಪು ತುದಿ ಬೈತಲೆಯ ಮೇಲೆ, ತಳ ಹಣೆಯಂಚಿನಲ್ಲಿ. ಈ ತ್ರಿಕೋನ ಎಷ್ಟು ಹಿಂದಿನಿಂದ ಶುರುವಾಗುತ್ತದೆ, ಎಷ್ಟು ಅಗಲ, ಕೂದಲು ಎಲ್ಲಿಯವರೆಗೆ ಇಳಿಯುತ್ತದೆ ಎಂಬ ಮೂರರಲ್ಲೇ ಎಲ್ಲ ಹೊಂದಾಣಿಕೆ ಆಗುವುದು.

ಚಿಕ್ಕ ಹಣೆಯವರು ತುಸು ಹಿಂದಿನಿಂದ ಶುರು ಮಾಡಿಸಿದರೆ ಕಣ್ಣಿಗೆ ಹಣೆ ಮೇಲಿನಿಂದಲೇ ಶುರುವಾದಂತೆ ಅನಿಸುತ್ತದೆ. ಕೂದಲು ತೆಳ್ಳಗಿದ್ದವರು ಹೀಗೆ ಮಾಡಿದರೆ ನೆತ್ತಿ ಬೋಳು ಕಂಡೀತು. ಅವರು ಕಡಿಮೆ ಕೂದಲು ತೆಗೆದು, ಅಲ್ಲಲ್ಲಿ ಹಣೆ ಇಣುಕುವ ಹಗುರ ಫ್ರಿಂಜ್ ಮಾಡಿಸುವುದೇ ಒಳ್ಳೆಯದು. ಅಗಲದ ವಿಷಯದಲ್ಲಿ ನನ್ನದು ಒಂದೇ ಹಟ: ಕಣ್ಣಿನ ಹೊರಮೂಲೆ ದಾಟಬಾರದು. ದಾಟಿದರೆ ಕಿವಿ ಪಕ್ಕದ ಕೂದಲೂ ಹೋಗುತ್ತದೆ, ಮತ್ತೆ ಬೆಳೆಸಿ ಸೇರಿಸುವುದು ದೊಡ್ಡ ರಗಳೆ.

ತಂಗಿಗೆ ಮೂರು ಬೆರಳಿನ ಹಣೆ, ಬಲಕ್ಕೆ ಹೊರಳುವ ಸುಳಿ, 3 ಸೆಂ.ಮೀ. ಕುಗ್ಗುವ ಕೂದಲು, ಕನ್ನಡಕ. ಹಣೆ ತುಂಬುವ ನೇರ ಫ್ರಿಂಜ್ ಅನ್ನು ಅಲ್ಲೇ ಕೈಬಿಟ್ಟೆವು. ಬದಲಿಗೆ ತ್ರಿಕೋನ ಒಂದು ಬೆರಳು ಹಿಂದಿನಿಂದ ಶುರು. ನಡುವೆ ತೆರೆದು, ಜಾಸ್ತಿ ಪಾಲು ಸುಳಿ ಹೋಗುವ ಬಲಕ್ಕೇ. ಉದ್ದ ಕೆನ್ನೆಮೂಳೆಯವರೆಗೆ. ಕೆನ್ನೆಮೂಳೆಯ ಹತ್ತಿರ ಕೂದಲು ಮುಗಿದರೆ ನೋಡುವವರ ಗಮನ ಅಲ್ಲಿಗೆ, ಅಂದರೆ ಕಣ್ಣಿನ ಪಕ್ಕಕ್ಕೇ ಹೋಗುತ್ತದೆ. ಅವಳಿಗೆ ಬೇಕಿದ್ದದ್ದೂ ಅದೇ.

6. ಪಾರ್ಲರ್‌ನಲ್ಲಿ ಏನು ಹೇಳಬೇಕು?

ನಟಿಯ ಫೋಟೊ ತೋರಿಸಿ, ಜೊತೆಗೆ ಐದಡಿ ದೂರದ ನಿಮ್ಮ ಫೋಟೊವನ್ನೂ ತೋರಿಸಿ. ‘ಇದೇ ಥರ’ ಎನ್ನಬೇಡಿ. ‘ಒಣಗಿದ ಮೇಲೆ ಇಲ್ಲಿಗೆ ಬರಬೇಕು’ ಎಂದು ಬೆರಳಿಟ್ಟು ತೋರಿಸಿ. ಸುಳಿ ಎಲ್ಲಿದೆ ಎಂದು ನೀವೇ ಹೇಳಿ. ಅಲೆ ಕೂದಲಾದರೆ ಒಣಗಿದ ಕೂದಲನ್ನೇ ಕತ್ತರಿಸಲು ಕೇಳಿ. ಮನೆಯಲ್ಲಿ ದಿನಾ ಡ್ರೈಯರ್ ಹಾಕುತ್ತೀರಾ ಎಂದು ಅವರು ಕೇಳದಿದ್ದರೆ, ಹಾಕುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ.

ಮೊದಲ ಸಲ ಬೇಕಾದ್ದಕ್ಕಿಂತ ಎರಡು ಬೆರಳು ಉದ್ದವೇ ಇರಲಿ. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ 1 ಸೆಂ.ಮೀ. ಮಾತ್ರ. 3 ಸೆಂ.ಮೀ. ಜಾಸ್ತಿ ಹೋದರೆ ಸುಮಾರು ಮೂರು ತಿಂಗಳು ಕ್ಲಿಪ್ಪೇ ಗತಿ. ಎರಡು ಸಲ ತಲೆ ತೊಳೆದು ನೋಡಿ, ಆಮೇಲೆ ಮತ್ತೆ ಹೋಗಿ ತುದಿ ಸರಿ ಮಾಡಿಸಿ.

ಸುಳಿ ಹಟಮಾರಿಯಾದರೆ ಒಂದು ಉಪಾಯ ಇದೆ. ತಲೆ ತೊಳೆದ ಕೂಡಲೇ, ಬುಡ ಇನ್ನೂ ಒದ್ದೆಯಿರುವಾಗ, ಚಪ್ಪಟೆ ಬ್ರಶ್‌ನಿಂದ ಫ್ರಿಂಜ್ ಅನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಣೆಗೆ ಒತ್ತಿ ಬಾಚುತ್ತಾ ಸಣ್ಣ ಬಿಸಿಯಲ್ಲಿ ಒಣಗಿಸಿ. ಬುಡಕ್ಕೆ ಒಂದೇ ದಿಕ್ಕು ನೆಲೆಯಾಗುವುದಿಲ್ಲ. ಅರ್ಧ ಒಣಗಿದ ಮೇಲೆ ಶುರು ಮಾಡಿದರೆ ಸುಮ್ನೆ ಕೈನೋವು.

ತಂಗಿ ಮೊದಲ ದಿನ ಪಾರ್ಲರ್‌ನಿಂದ ಬಂದಾಗ ‘ಏನೂ ಕತ್ತರಿಸೇ ಇಲ್ಲ’ ಎಂದು ಗೊಣಗಿದಳು. ಎಂಟು ದಿನ ಬಿಟ್ಟು ಹೋಗಿ ಇನ್ನೊಂದು ಬೆರಳು ತೆಗೆಸಿಕೊಂಡಳು. ಈಗ ಕನ್ನಡಕಕ್ಕೆ ಕೂದಲು ತಾಗುವುದಿಲ್ಲ, ಬಲಕ್ಕೆ ತಳ್ಳುವ ಅಭ್ಯಾಸ ಮಾತ್ರ ಹೋಗಿಲ್ಲ. ದಾರ ಕಟ್ಟಿದ್ದ ಆ ಒಂದು ಎಳೆಯನ್ನು ಬಿಚ್ಚಲು ಮರೆತು, ಎರಡು ದಿನ ಕೆಂಪು ದಾರ ಹಾಗೇ ಇಟ್ಟುಕೊಂಡು ಕೆಲಸಕ್ಕೂ ಹೋಗಿ ಬಂದಿದ್ದಳು. ಇದು ಹೊಸ ಫ್ಯಾಷನ್ನಾ ಎಂದು ಆಫೀಸಿನಲ್ಲಿ ಇಬ್ಬರು ಕೇಳಿದರಂತೆ.