ಒಂದು ಕಾಲಿನದು ನನ್ನ ಹೊಲಿಗೆ, ಇನ್ನೊಂದು ಹುಡುಗನದು

ಅಥಣಿ ಕಡೆಯ ನಮ್ಮೂರಲ್ಲಿ ನಲವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಹದಿಮೂರರ ಹುಡುಗನೊಬ್ಬ ಅಜ್ಜನ ಚಪ್ಪಲಿ ತಂದ. ಎಮ್ಮೆ ತೊಗಲಿನ ಅಟ್ಟೆ ಗಟ್ಟಿಯಾಗಿಯೇ ಇತ್ತು. ಪಟ್ಟಿಯನ್ನು ಹಿಡಿದಿಡುವ ಬದಿಯ ತೊಗಲಿನ ತುಂಡಿಗೆ ನಾವು ಕಿವಿ ಅಂತೀವಿ. ಎರಡೂ ಕಾಲಿನ ಕಿವಿ ಮಾತ್ರ ಅಟ್ಟೆಯಿಂದ ಕಿತ್ತು ಬಂದಿದ್ದವು.

“ಒಗದ ಬಿಡ್ತೀನಿ ಅಜ್ಜಾ, ಸಂತ್ಯಾಗ ನೂರೈವತ್ತಕ್ಕ ಹೊಸವು ಸಿಗ್ತಾವ” ಅಂದ.

ಮೊದಲು ನಾನೂ ಸೋಮಾರಿತನ ಮಾಡಿದೆ. ಸಲ್ಯೂಷನ್ ಹಚ್ಚಿ, ಎರಡು ಮೊಳೆ ಹೊಡೆದು ಮೂವತ್ತು ರೂಪಾಯಿ ತೆಗೆದುಕೊಂಡೆ. ಎಂಟು ದಿನಕ್ಕೆ ವಾಪಸ್ ಬಂತು. ಆಮೇಲೆ ನೈಲಾನ್ ದಾರ ಹಾಕಿದೆ. ಅದು ಹರಿಯಲಿಲ್ಲ, ತೊಗಲನ್ನೇ ಕೊಯ್ದಿತು! ಎರಡನೇ ಸಲ ದುಡ್ಡು ಕೇಳೋಕೆ ನನಗೇ ನಾಚಿಕೆ.

ಮೂರನೇ ಸಲ ಬಂದಾಗ ಹೇಳಿದೆ: “ಲೇ ತಮ್ಮಾ, ರೊಕ್ಕ ಬ್ಯಾಡ. ಒಂದು ಕಾಲಿಂದು ನಾ ಹೊಲಿತೀನಿ, ಇನ್ನೊಂದು ನೀ ಹೊಲಿ.” ಎದುರಿನ ಚಹಾದಂಗಡಿಯವರು ನಕ್ಕರು. ಮುದುಕನಿಗೆ ಬೇರೆ ಕೆಲಸ ಇಲ್ಲ ಅಂದರು.

ಕಿವಿಗೆ ಹೊಸ ತುಂಡು ಕತ್ತರಿಸಿ ಸುಮಾರು ಎರಡು ತಾಸು ನೆನೆಸಿದೆ. ಉಗುರು ಒತ್ತಿದರೆ ಗುರುತು ಉಳಿಯಬೇಕು, ಹಿಂಡಿದರೆ ನೀರು ಸುರಿಯಬಾರದು. ಹೊಲಿಯೋ ತೊಗಲಿನ ದಾರವೂ ಒದ್ದೆ ಇರಬೇಕು. ಒಣಗುವಾಗ ಅದು ಬಿಗಿದುಕೊಳ್ಳುತ್ತೆ, ಎಲ್ಲ ಹಿಡಿತ ಅದರಲ್ಲೇ. ಹಳೇ ತೂತು ಆಗಲೇ ಅಗಲವಾಗಿರುತ್ತೆ, ಅದರಲ್ಲೇ ಹೊಲಿದರೆ ನಿಲ್ಲಲ್ಲ. ಅಕ್ಕಿಕಾಳಿನಷ್ಟು ಒಳಗೆ ಸರಿದು ಹೊಸ ತೂತು ಹಾಕಬೇಕು.

ಹುಡುಗ ಮೊದಲ ಸಲ ಜೋರಾಗಿ ಎಳೆದು ದಾರ ಹರಿದ. ಎರಡನೇ ಸಲ ತೂತುಗಳನ್ನು ಒತ್ತೊತ್ತಾಗಿ ಹಾಕಿದ. ಪೋಸ್ಟ್ ಸ್ಟಾಂಪಿನ ಅಂಚಿನ ಹಾಗೆ ಆ ಸಾಲಿಗೇ ತೊಗಲು ಬಿಟ್ಟುಕೊಂಡಿತು. ಒಂದು ತುಂಡು ದಂಡ, ನನಗೆ ಇಪ್ಪತ್ತು ರೂಪಾಯಿ ನಷ್ಟ. ಬೈಯಲಿಲ್ಲ, ಇನ್ನೊಂದು ತುಂಡು ಕೊಟ್ಟೆ. ಅವತ್ತು ಒಂಬತ್ತು ಹೊಲಿಗೆಗೆ ಒಂದೂವರೆ ತಾಸು ತೆಗೆದುಕೊಂಡ. ತೂತು ಹಾಕುವ ಆರಿ ಬೆರಳಿಗೆ ಚುಚ್ಚಿತು. ಆದರೂ ಏಳಲಿಲ್ಲ.

ಎರಡು ದಿನ ನೆರಳಲ್ಲಿ ಒಣಗಿಸಿ, ಔಡಲೆಣ್ಣೆ ತೆಳ್ಳಗೆ ಸವರಿದೆ. ನಡುವೆ ಒಂದು ಜೋಡಿಗೆ ಸೈಕಲ್ ಟ್ಯೂಬಿನ ಕಿವಿಯನ್ನೂ ಹಾಕಿ ನೋಡಿದೆ. ಬಿಸಿಲಿಗೆ ಜೋತುಬಿತ್ತು, ಅಲ್ಲಿಗೇ ಕೈಬಿಟ್ಟೆ.

ಮೊದಲೆಲ್ಲ ಆ ಹುಡುಗ ಒದ್ದೆ ಚಪ್ಪಲಿಯನ್ನು ಒಲೆ ಮುಂದೆ ಇಡುತ್ತಿದ್ದ. ತೊಗಲು ಸೊಟ್ಟಗಾಗಿ ಬಿರಿಯುತ್ತಿತ್ತು. ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ. ಈಗ ಕೆಸರಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಹಿಂದೆ ನಿಲ್ಲಿಸುತ್ತಾನಂತೆ, ಅವರವ್ವನೇ ಹೇಳಿದಳು. ಕೆರೆ ಹತ್ತಿರ ಹೋಗುವಾಗ ಕೈಯಲ್ಲಿ ಹಿಡಿದು ನಡೆಯೋದನ್ನು ನಾನೇ ಕಂಡೆ.

ಹತ್ತು ತಿಂಗಳಾಯಿತು, ಎರಡೂ ಗಟ್ಟಿಯಾಗಿವೆ. ತನ್ನ ಹೊಲಿಗೆಯೇ ಹೆಚ್ಚು ಬಿಗಿ ಅಂತಾನೆ. ಸುಳ್ಳು, ಅವನ ಐದನೆಯದು ಸ್ವಲ್ಪ ಸಡಿಲ ಇದೆ.