ಗೆಳತಿಗೆ ಬಹುಮಾನ ಬಂದಾಗ ನನ್ನೊಳಗೆ ನಡೆದದ್ದು

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚು ಆಗಲಿಲ್ಲ. ನಾನೂ ಕಥೆ ಬರೆಯುವವಳು, ಇದೇ ಊರಿನವಳು. ಆದರೂ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಪೇಡಾ ಹಂಚಿ ಬಂದೆ. ಅದಾದ ಮೇಲಿನ ದೀಪಾವಳಿಗೆ, ಭಾನುವಾರಗಳಂದು ನಮ್ಮ ಜೊತೆ ಕುಳಿತು ಕಥೆ ಓದುವ ಗೆಳತಿಯೊಬ್ಬಳಿಗೆ ಪತ್ರಿಕೆಯೊಂದರ ವಿಶೇಷಾಂಕದ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅದೇ ಸ್ಪರ್ಧೆಗೆ ನಾನೂ ಕಳಿಸಿದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಜಗತ್ತಿನ ದೊಡ್ಡ ಪ್ರಶಸ್ತಿ ಮನಸ್ಸನ್ನು ತಾಗದೆ ಹೋಗಿ, ಒಂದು ಪತ್ರಿಕೆಯ ಬಹುಮಾನ ಸುಟ್ಟದ್ದು ಹೇಗೆ? ಇದಕ್ಕೆ ಉತ್ತರ ಕೊಡುವ ಹಳೆಯ ಪ್ರಯೋಗವೊಂದಿದೆ. ಅಬ್ರಹಾಂ ಟೆಸ್ಸರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಇದನ್ನು ಪ್ರಕಟಿಸಿದರು. ಸುಳಿವು ಕೊಟ್ಟು ಪದ ಕಂಡುಹಿಡಿಸುವ ಆಟ ಅದು. ಆಡುವವರಲ್ಲಿ ಕೆಲವರು ಗೆಳೆಯರು, ಕೆಲವರು ಅಪರಿಚಿತರು. ಇದು ಬರೀ ಆಟ ಎಂದು ಹೇಳಿದಾಗ ಜನ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ಮುಖ್ಯವಾದ ಸಾಮರ್ಥ್ಯದ ಪರೀಕ್ಷೆ ಎಂದಾಗ ಗೆಳೆಯರಿಗೇ ಕಷ್ಟದ ಸುಳಿವು ಕೊಟ್ಟರು, ಅಪರಿಚಿತರಿಗಿಂತಲೂ ಕಷ್ಟದ್ದು. ಟೆಸ್ಸರ್ ಅವರ ವಾದ ಇಷ್ಟು: ಗೆದ್ದವರು ನಮಗೆ ಹತ್ತಿರದವರಾಗಿರಬೇಕು, ಗೆದ್ದ ಕ್ಷೇತ್ರ ನಾವು ನಮ್ಮದೆಂದುಕೊಂಡದ್ದಾಗಿರಬೇಕು. ಎರಡೂ ಸೇರಿದಾಗ ಮಾತ್ರ ಉರಿ. ಇದೇ ಗೆಳತಿ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದಿದ್ದರೆ ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಅಸೂಯೆ ತಾನು ಅಸೂಯೆ ಎಂದು ಹೇಳಿಕೊಂಡು ಬರುವುದಿಲ್ಲ, ವಿಮರ್ಶೆಯ ವೇಷದಲ್ಲಿ ಬರುತ್ತದೆ. ನನಗೆ ಮೊದಲು ಕಾಣಿಸಿದ್ದು ತೀರ್ಪುಗಾರರ ಹೆಸರು. ಅವರು ಯಾವ ಊರಿನವರು, ಗೆಳತಿಯ ಪರಿಚಯ ಇದ್ದಿರಬಹುದೇ ಎಂದು ಮನಸ್ಸು ಲೆಕ್ಕ ಹಾಕಿತು. ಆಮೇಲೆ ಅಚ್ಚಾದ ಕಥೆಯ ಎರಡನೆಯ ಪುಟದಲ್ಲಿ ಒಂದು ಮುದ್ರಣದೋಷ ಕಂಡಿತು. ಅದು ಕಂಡಾಗ ಆದ ಸಣ್ಣ ಸುಖವೇ ನನಗೆ ಖಚಿತ ಗುರುತಾಯಿತು. ಅಚ್ಚಿನ ತಪ್ಪಿಗೆ ಯಾರೂ ಸುಮ್ಮನೆ ಸುಖಪಡುವುದಿಲ್ಲವಷ್ಟೆ.

ಮೊದಲ ಕೆಲಸ ಅಭಿನಂದನೆ. ಅದನ್ನು ಮುಂದೂಡಿದಷ್ಟೂ ಅದು ಸಾಲದಂತೆ ಬೆಳೆಯುತ್ತದೆ, ಎದುರಿಗಿರುವವರು ನಮ್ಮ ಮೌನವನ್ನು ಓದಿಕೊಳ್ಳುತ್ತಾರೆ. ನಮ್ಮಲ್ಲಿ ಇದಕ್ಕೊಂದು ಸಿದ್ಧ ವಾಕ್ಯವಿದೆ: 'ನನಗೇ ಬಂದಷ್ಟು ಸಂತೋಷವಾಯಿತು.' ಅದನ್ನು ಮೊಬೈಲಿನಲ್ಲಿ ಬರೆದು ಅಳಿಸಿದೆ. ನನಗೆ ಬಂದಿದ್ದರೆ ಎಷ್ಟು ಸಂತೋಷವಾಗುತ್ತಿತ್ತೆಂದು ಆ ಗಳಿಗೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ! ಸುಳ್ಳು ಬರೆದರೆ ಮುಂದಿನ ಭಾನುವಾರ ಎದುರು ಕುಳಿತು ಅದನ್ನೇ ನಟಿಸಬೇಕು. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಚಿಕ್ಕದಾಗಿರಲಿ, ಪ್ರತಿಯೊಂದು ಮಾತೂ ನಿಜವಿರಲಿ, ಕಥೆಯೊಳಗಿನ ಒಂದು ಸಂಗತಿಯನ್ನು ಹೆಸರಿಸಲಿ. ಕೊನೆಗೆ ಕಳಿಸಿದ್ದು ಇಷ್ಟು: 'ಫಲಿತಾಂಶ ನೋಡಿದೆ, ಅಭಿನಂದನೆಗಳು. ಅತ್ತೆ ಆಲೂಗಡ್ಡೆ ಹೋಳುಗಳನ್ನು ಮತ್ತೆ ಆರಿಸುವ ಭಾಗ ಮನಸ್ಸಿನಿಂದ ಹೋಗುತ್ತಿಲ್ಲ.' ಸಂತೋಷದ ಮಾತೇ ಅದರಲ್ಲಿಲ್ಲ. ಆದರೆ ಅವಳು ತಕ್ಷಣ ಫೋನ್ ಮಾಡಿದ್ದು ಆ ಎರಡನೆಯ ವಾಕ್ಯಕ್ಕೆ.

ಆಮೇಲೆ ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿತು. ಗೆಳತಿಗೇ ಹೇಳಿಬಿಡುವುದು ಪ್ರಾಮಾಣಿಕತೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಹುಮಾನ ಬಂದ ವಾರದಲ್ಲಿ 'ನಿನ್ನನ್ನು ಕಂಡು ಹೊಟ್ಟೆ ಉರಿಯುತ್ತಿದೆ' ಎಂದರೆ, ಅವಳು ತನ್ನ ಸಂಭ್ರಮ ಬದಿಗಿಟ್ಟು ನನ್ನನ್ನು ಸಮಾಧಾನಪಡಿಸಬೇಕಾಗುತ್ತದೆ. ಅರಕಲಗೂಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಕ್ಕನೇ: "ಅಯ್ಯೋ, ಅವಳ ಕಥೆ ಏನು ಮಹಾ? ನಿನ್ನದೇ ಚೆನ್ನಾಗಿತ್ತು ಬಿಡು" ಎಂದಳು. ಕೇಳಲು ಹಿತವಾಗಿತ್ತು, ಆದರೆ ಫೋನ್ ಇಟ್ಟ ಮೇಲೆ ಉರಿ ಇಮ್ಮಡಿಯಾಯಿತು. ನನ್ನದೇ ಚೆನ್ನಾಗಿದ್ದರೆ ಅನ್ಯಾಯವಾಗಿದೆ ಎಂದಾಯಿತಲ್ಲ! ಮರುದಿನ ಮತ್ತೆ ಫೋನ್ ಮಾಡಿ, "ಅಕ್ಕ, ನೀನು ನನ್ನ ಪಕ್ಷ ವಹಿಸಬೇಡ, ಸುಮ್ಮನೆ ಕೇಳು" ಎಂದೆ. ಅವಳು ಕೇಳಿದಳು. ನಡುನಡುವೆ ಹೂಂಗುಟ್ಟಿದಳು. ಅಷ್ಟು ಸಾಕಾಯಿತು.

ಅಕ್ಕನ ಮಾತು ಮಾಡಿದ ಕೆಲಸ ನನಗೆ ಅರ್ಥವಾದದ್ದು ನೆದರ್‌ಲ್ಯಾಂಡ್ಸಿನ ನೀಲ್ಸ್ ವಾನ್ ಡಿ ವೆನ್ ಮತ್ತು ಸಂಗಡಿಗರ ಅಧ್ಯಯನಗಳನ್ನು ಓದಿದಾಗ. ಗೆದ್ದವರು ಅದಕ್ಕೆ ಅರ್ಹರು ಅನ್ನಿಸಿದರೆ ಅಸೂಯೆ ನಮ್ಮನ್ನು ಮೇಲೇರಲು ದೂಡುತ್ತದೆ, ಅರ್ಹರಲ್ಲ ಅನ್ನಿಸಿದರೆ ಅವರನ್ನು ಕೆಳಗೆಳೆಯಲು ದೂಡುತ್ತದೆ ಎಂದು 2009ರಿಂದ ಅವರು ತೋರಿಸುತ್ತ ಬಂದಿದ್ದಾರೆ. 2011ರ ಅಧ್ಯಯನ ಇನ್ನೂ ಕುತೂಹಲದ್ದು. ಬರೀ ಮೆಚ್ಚುಗೆ ಜನರನ್ನು ಹೆಚ್ಚು ಕೆಲಸಕ್ಕೆ ಹಚ್ಚಲಿಲ್ಲ, ಮೊದಲ ಬಗೆಯ ಅಸೂಯೆ ಹಚ್ಚಿತು. ಆದರೆ ಒಂದು ಷರತ್ತು: ಅದು ನನಗೂ ಸಾಧ್ಯ ಎಂಬ ನಂಬಿಕೆ ಬೇಕು. ಅಂದರೆ ನಾನು ಉತ್ತರ ಹುಡುಕಬೇಕಾದ ಪ್ರಶ್ನೆಗಳು ಎರಡು. ಅವಳ ಕಥೆ ನಿಜಕ್ಕೂ ಒಳ್ಳೆಯದೇ? ಅದರಲ್ಲಿ ನನಗೆ ಕಲಿಯಲು ಸಾಧ್ಯವಾದದ್ದು ಯಾವುದು?

ಪೆನ್ಸಿಲ್ ಹಿಡಿದು ಕುಳಿತೆ. ಹಾಸನಾಂಬೆಯ ದರ್ಶನದ ದಿನಗಳು, ಬೀದಿಯ ತುಂಬ ಹೊರಊರಿನ ಜನ, ಮನೆಯಲ್ಲಿ ನೆಂಟರು. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಓದಿದೆ. ಅವಳ ಕಥೆಯಲ್ಲಿ ಅತ್ತೆ ಮತ್ತು ಸೊಸೆ ಬಿತ್ತನೆ ಆಲೂಗಡ್ಡೆ ಕತ್ತರಿಸುತ್ತಿದ್ದಾರೆ. ಪ್ರತಿ ಹೋಳಿನಲ್ಲಿ ಮೊಳಕೆಯ ಕಣ್ಣು ಉಳಿಯುವಂತೆ ಕತ್ತರಿಸಬೇಕು, ಕಣ್ಣಿಲ್ಲದ ಹೋಳು ಹುಟ್ಟುವುದಿಲ್ಲ. ಸೊಸೆ ಕತ್ತರಿಸಿದ ರಾಶಿಯನ್ನು ಅತ್ತೆ ಮಾತಿಲ್ಲದೆ ತನ್ನ ಕಡೆಗೆ ಎಳೆದುಕೊಂಡು ಒಂದೊಂದನ್ನೇ ತಿರುಗಿಸಿ ನೋಡುತ್ತಾಳೆ. ಸೊಸೆಗೆ ಮಕ್ಕಳಾಗಿಲ್ಲ ಎಂಬುದು ಕಥೆಯಲ್ಲಿ ಎಲ್ಲಿಯೂ ಬಂದಿಲ್ಲ, ಆದರೆ ಅಲ್ಲಿಗೆ ಓದುಗರಿಗೆ ಗೊತ್ತಾಗಿಬಿಡುತ್ತದೆ. ನನ್ನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ನನ್ನಲ್ಲಿಯೂ ಅಂಥದೊಂದು ಸಂದರ್ಭವಿತ್ತು, ಪರವಾಗಿಲ್ಲ ಎನ್ನುವಂತೆ ಬಂದೂ ಇತ್ತು. ಆದರೆ ಅದರ ಕೆಳಗೆ 'ಅವಳ ಎದೆಯಲ್ಲಿ ಹೇಳಲಾಗದ ನೋವು ಮಡುಗಟ್ಟಿತು' ಎಂದು ಬರೆದಿದ್ದೆ. ಮೇಷ್ಟರ ಚಾಳಿ ಇದು. ತರಗತಿಯಲ್ಲಿ ಪದ್ಯ ಓದಿ ಭಾವಾರ್ಥ ಹೇಳಿ ಹೇಳಿ, ಕಥೆಗೂ ಭಾವಾರ್ಥ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದಕ್ಕೂ ಅರ್ಧ ಸಿಕ್ಕಿತು. ಉಳಿದರ್ಧಕ್ಕೆ ನೋಟ್‌ಬುಕ್ ತೆಗೆದು, ಅವಳಿಗೆ ಸಿಕ್ಕಿದ್ದರಲ್ಲಿ ನನಗೆ ಬೇಕಾದದ್ದು ಯಾವುದೆಂದು ಬಿಡಿಬಿಡಿಯಾಗಿ ಬರೆದೆ. ಹಣ? ಅಷ್ಟೇನೂ ಬೇಡ. ಪತ್ರಿಕೆಯಲ್ಲಿ ಫೋಟೊ? ನಾಚಿಕೆ ಬಿಟ್ಟು ಹೇಳುವುದಾದರೆ, ಬೇಕು. ಬರೆಯುತ್ತ ಹೋದಂತೆ ನಾನು ನಿರೀಕ್ಷಿಸದ ಒಂದು ಸಾಲು ಬಂತು: 'ರಾತ್ರಿ ದೀಪ ಹಾಕಿಕೊಂಡು ಕುಳಿತರೆ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳಬಾರದು.' ಬಹುಮಾನ ಬಂದ ಮೇಲೆ ಗೆಳತಿಯ ಮನೆಯಲ್ಲಿ ಅವಳ ಬರವಣಿಗೆಗೆ ಒಂದು ಬೆಲೆ ಬಂದಿತ್ತು. ನನ್ನನ್ನು ಕುಟುಕುತ್ತಿದ್ದದ್ದು ಅದು. ತೀರ್ಪುಗಾರರ ಮೆಚ್ಚುಗೆ ನನ್ನ ಕೈಯಲ್ಲಿಲ್ಲ. ಮನೆಯವರನ್ನು ಕೇಳುವುದು ನನ್ನ ಕೈಯಲ್ಲಿದೆ. ಉತ್ತರಪತ್ರಿಕೆ ತಿದ್ದುವ ಕೆಲಸವನ್ನು ಶನಿವಾರದ ಸಂಜೆಗೆ ಮುಗಿಸುವುದು, ಭಾನುವಾರ ಬೆಳಗಿನ ತಿಂಡಿ ಯಜಮಾನರದ್ದು, ಆ ಹೊತ್ತು ನನ್ನ ಬರವಣಿಗೆಗೆ ಎಂದು ಮಾತಾಯಿತು. ಉಪ್ಪಿಟ್ಟು ಗಂಟುಗಂಟಾಗಿರುತ್ತದೆ. ಚಕಾರ ಎತ್ತುವುದಿಲ್ಲ.

ಇಷ್ಟಾದ ಮೇಲೆ ಅಸೂಯೆ ಹೋಯಿತೆಂದರೆ ಸುಳ್ಳಾಗುತ್ತದೆ. ಗೆಳತಿ ಹೊಸ ಕಥೆಯ ಕರಡು ಕೊಟ್ಟಾಗ ಅದು ಬೇರೆ ಬಾಗಿಲಿನಿಂದ ಬಂತು. ನನ್ನ ಪೆನ್ಸಿಲ್ ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಮಾತ್ರ ತಿದ್ದುತ್ತ ಸಾಗಿತ್ತು. ಕಥೆ ಮಧ್ಯದಲ್ಲಿ ಕುಂಟುತ್ತಿದೆ, ತಮ್ಮನ ಪಾತ್ರ ತೆಗೆದರೆ ಸರಿಹೋಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕೈ ಮಾತ್ರ ಅದನ್ನು ಬರೆಯುತ್ತಿರಲಿಲ್ಲ. ಟೆಸ್ಸರ್ ಆಟದ ಕಷ್ಟದ ಸುಳಿವು ಇದೇ ಅಲ್ಲವೇ ಎಂದು ಹೊಳೆದು ಪುಟ ತಿರುವಿ ಮೇಲೆ ಬರೆದೆ: 'ತಮ್ಮ ಬೇಕೇ?' ಈಗ ಯಾರ ಕರಡು ಬಂದರೂ ಕಾಗುಣಿತ ತಿದ್ದುವ ಮೊದಲು, ಇದನ್ನು ಗುರುತು ಪರಿಚಯವಿಲ್ಲದವರು ಬರೆದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಮೊದಲ ಪುಟದ ತಲೆಯಲ್ಲಿ ಬರೆಯುತ್ತೇನೆ. ಅವಳು ತಮ್ಮನನ್ನು ತೆಗೆಯಲಿಲ್ಲ, ಅದು ಬೇರೆ ಮಾತು.

ಇನ್ನೊಂದು ತೊಡಕು ಉಳಿದಿದೆ. ಎಲ್ಲ ಅಸಮಾಧಾನವೂ ಹೊಟ್ಟೆಕಿಚ್ಚಲ್ಲ. ಆಯ್ಕೆಯಲ್ಲಿ ನಿಜವಾಗಿಯೂ ಪಕ್ಷಪಾತ ನಡೆಯುತ್ತದೆ. ಅಂಥದನ್ನು ಎತ್ತಿದವರ ಬಾಯಿ ಮುಚ್ಚಿಸಲು 'ಇವರಿಗೆ ಬರಲಿಲ್ಲ ಅಂತ ಉರಿ' ಎನ್ನುವುದು ನಮ್ಮ ಸಾಹಿತ್ಯ ವಲಯದ ಹಳೆಯ ಆಯುಧ. ಎರಡನ್ನು ಬೇರ್ಪಡಿಸಲು ನಾನು ಕೇಳಿಕೊಳ್ಳುವುದು ಒಂದೇ: ಇದೇ ತೀರ್ಪುಗಾರರು, ಇದೇ ವಿಧಾನದಲ್ಲಿ, ನನ್ನನ್ನು ಆರಿಸಿದ್ದರೆ ನಾನು ಈ ದೂರು ಎತ್ತುತ್ತಿದ್ದೆನೇ? ಗೆಳತಿಯ ವಿಷಯದಲ್ಲಿ ಖಂಡಿತ ಇಲ್ಲ. ಆದರೆ ಅದೇ ಚಳಿಗಾಲದಲ್ಲಿ ಸಂಸ್ಥೆಯೊಂದು ಮಾಡಿದ ಸನ್ಮಾನದ ಪಟ್ಟಿಯಲ್ಲಿ ಆಯ್ಕೆ ಸಮಿತಿಯ ಸದಸ್ಯರೊಬ್ಬರ ಹೆಸರೇ ಇತ್ತು. ಆ ಪಟ್ಟಿಯಲ್ಲಿ ನಾನಿದ್ದಿದ್ದರೆ? ಬಾಯಿ ಬಿಡುವ ಧೈರ್ಯ ಬರುತ್ತಿರಲಿಲ್ಲವೇನೋ, ಆದರೆ ತಪ್ಪೆಂದು ಅನ್ನಿಸುತ್ತಿತ್ತು. ಆಯ್ಕೆಯ ನಿಯಮಗಳನ್ನು ಪ್ರಕಟಿಸಬೇಕು, ಸಮಿತಿಯಲ್ಲಿರುವವರನ್ನು ಆ ವರ್ಷ ಪರಿಗಣಿಸಬಾರದು ಎಂದು ಕೇಳಿ ಒಂದು ಪುಟದ ಪತ್ರ ಬರೆದೆ. ಸನ್ಮಾನಿತರ ಹೆಸರನ್ನಾಗಲಿ ಅವರ ಕೃತಿಗಳನ್ನಾಗಲಿ ಅದರಲ್ಲಿ ಎತ್ತಲಿಲ್ಲ. ಸಹಿ ಹಾಕುವ ಮುನ್ನ ಗೆಳತಿಗೆ ತೋರಿಸಿದೆ. ಅವಳು ಒಂದು ವಿಶೇಷಣ ಹೊಡೆದುಹಾಕಿ ತನ್ನ ಸಹಿಯನ್ನೂ ಹಾಕಿದಳು.