ಪ್ಲಾನ್ ಬದಲಿಸಿದ ಮೇಲೆ ಬರುವ ಮೊದಲ ಪೋಸ್ಟ್‌ಪೇಯ್ಡ್ ಬಿಲ್

ಪುಣೆಗೆ ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಮೊಬೈಲ್ ಪ್ಲಾನ್ ಬದಲಿಸುವುದು ಜಾಸ್ತಿ. ಮನೆಗೆ ವೈಫೈ ಬಂದಿರುವುದಿಲ್ಲ, ಎಲ್ಲರೂ ಫೋನಿನ ಡೇಟಾ ಮೇಲೆಯೇ ಇರುತ್ತಾರೆ. 600 ರೂಪಾಯಿ ಪ್ಲಾನ್ ತಗೊಂಡವರಿಗೆ ಸಾವಿರ ದಾಟಿದ ಬಿಲ್ ಬಂದಾಗ ಸಂಘದ ಗ್ರೂಪಿನಲ್ಲಿ 'ಮೋಸ ಆಯ್ತು' ಎಂಬ ಮೆಸೇಜ್ ಬರುತ್ತದೆ. ಹಲವು ಸಲ ಮೋಸ ಆಗಿರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡದೆ ಅದನ್ನು ಹೇಳಲೂ ಆಗುವುದಿಲ್ಲ.

ಮೊದಲು ಬಿಲ್‌ನಲ್ಲಿ ತಿಂಗಳ ಬಾಡಿಗೆಯ, ಅಂದರೆ ಪ್ಲಾನಿನ ದುಡ್ಡಿನ, ಸಾಲಿನ ಪಕ್ಕದ ತಾರೀಖು ನೋಡಿ. ಅದು ಮುಂದಿನ ತಿಂಗಳದ್ದಾದರೆ ನಿಮ್ಮ ಬಾಡಿಗೆ ಮುಂಗಡ. ಡೇಟಾ, ಕರೆಗಳ ಹೆಚ್ಚುವರಿ ಬಳಕೆ ಮಾತ್ರ ಯಾವಾಗಲೂ ಕಳೆದ ತಿಂಗಳದ್ದು. ಒಂದೇ ಹಾಳೆಯಲ್ಲಿ ಎರಡು ತಿಂಗಳು ಕೂತಿರುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಒಂದು ಲೆಕ್ಕ ಮಾಡೋಣ. ಬಿಲ್ ಸೈಕಲ್ ಜೂನ್ 1ರಿಂದ 30. ಹಳೇ ಪ್ಲಾನ್ 450 ರೂ., ಅಂದರೆ ದಿನಕ್ಕೆ 15. ಜೂನ್ ಬಾಡಿಗೆಯನ್ನು ಮುಂಗಡವಾಗಿಯೇ ಕಟ್ಟಿದ್ದೀರಿ. ಜೂನ್ 11ರಿಂದ 600 ರೂ. ಪ್ಲಾನ್ ಶುರು, ದಿನಕ್ಕೆ 20. ಜುಲೈ 1ರ ಬಿಲ್‌ನಲ್ಲಿ ಮೂರು ಸಾಲು ಇರಬೇಕು. ಜುಲೈ ತಿಂಗಳ ಮುಂಗಡ 600. ಜೂನ್‌ನ ಕೊನೆಯ 20 ದಿನಕ್ಕೆ ಹೊಸ ಪ್ಲಾನ್ 400. ಅದೇ 20 ದಿನಕ್ಕೆ ಹಳೇ ಪ್ಲಾನಿನ ದುಡ್ಡು ವಾಪಸ್, ಮೈನಸ್ 300. ಒಟ್ಟು 700. ಇದಕ್ಕೆ 18% ಜಿಎಸ್‌ಟಿ 126 ಸೇರಿ 826 ರೂ. ಮುಂದಿನ ತಿಂಗಳಿಂದ ಬರೀ 708.

ಆ ಮೈನಸ್ ಸಾಲು ಇದೆಯೋ ಇಲ್ಲವೋ, ಅದನ್ನೇ ಹುಡುಕಿ. ಅದು ಬಿಟ್ಟುಹೋಗಿದ್ದರೆ ಬಿಲ್ 1,180 ಆಗುತ್ತದೆ. ನನ್ನ ಬಿಲ್‌ನಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪಾಗಿತ್ತು: ವಾಪಸ್ ಮೊತ್ತವನ್ನು ತೆರಿಗೆ ಹಾಕಿದ ಮೇಲೆ ಕಳೆದಿದ್ದರು. ಈ ಲೆಕ್ಕದಲ್ಲಿ ಹಾಗಾದರೆ ತೆರಿಗೆ 126ರ ಬದಲು 180 ಬರುತ್ತದೆ, 54 ರೂ. ಸುಮ್ನೆ ಹೋಗುತ್ತದೆ. ಹಳೇ ಬಾಡಿಗೆಗೆ ತೆರಿಗೆ ಆಗಲೇ ಕಟ್ಟಿರುತ್ತೇವೆ, ಅಲ್ವಾ? ಹಾಗಾಗಿ ಅದೂ ವಾಪಸ್ ಬರಬೇಕು.

ದಿನ ಎಣಿಸುವಾಗ ನೀವು ಪ್ಲಾನ್ ಕೇಳಿದ ದಿನ ಹಿಡಿಯಬೇಡಿ, ಹೊಸ ಪ್ಲಾನ್ ಶುರುವಾಯಿತು ಎಂದು ಎಸ್ಸೆಮ್ಮೆಸ್ ಬಂದ ತಾರೀಖು ಹಿಡಿಯಿರಿ. ಆ ಎಸ್ಸೆಮ್ಮೆಸ್ ಅಳಿಸಬೇಡಿ. ಕಡಿಮೆ ಬೆಲೆಯ ಪ್ಲಾನಿಗೆ ಇಳಿದರೆ ಎಷ್ಟೋ ಸಲ ಅದು ಮುಂದಿನ ಸೈಕಲ್‌ನಿಂದಲೇ ಜಾರಿಗೆ ಬರುತ್ತದೆ. ಆಗ ಈ ಕೂಡಿಸಿ ಕಳೆಯುವ ತಾಪತ್ರಯವೇ ಇಲ್ಲ.

ಇನ್ನು ಡೇಟಾ. ಬಾಡಿಗೆ 20 ದಿನಕ್ಕೆ ಇಳಿದ ಹಾಗೆ ಡೇಟಾವೂ ಇಳಿಯಬಹುದು. ಹೊಸ ಪ್ಲಾನಿನಲ್ಲಿ ತಿಂಗಳಿಗೆ 75 ಜಿಬಿ ಇದ್ದರೆ 20 ದಿನಕ್ಕೆ ಸಿಗುವುದು 50. ಪೂರ್ತಿ 75 ಇದೆ ಎಂದುಕೊಂಡು 58 ಜಿಬಿ ಬಳಸಿದರೆ 8 ಜಿಬಿ ಮಿತಿ ಮೀರಿತು. ನಿಮ್ಮ ಪ್ಲಾನಿನ ಹೆಚ್ಚುವರಿ ದರ ಜಿಬಿಗೆ 20 ರೂ. ಅಂದುಕೊಳ್ಳಿ, 160 ರೂ. ಸೇರುತ್ತದೆ. ಆಗ 860ಕ್ಕೆ ತೆರಿಗೆ 154.80, ಬಿಲ್ 1,014.80. ಗ್ರೂಪಿನಲ್ಲಿ ಕೂಗಾಡಿಸುವ ಸಾವಿರದ ಬಿಲ್ ಇದೇ. ಹಾಗಾಗಿ ಪ್ಲಾನ್ ಬದಲಿಸಿದ ದಿನವೇ ಆ್ಯಪ್ ತೆರೆದು ಈ ಸೈಕಲ್‌ಗೆ ಎಷ್ಟು ಜಿಬಿ ತೋರಿಸುತ್ತಿದೆ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ತೆರಿಗೆಯ ಸಾಲಿನಲ್ಲಿ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ 9% ಇರುತ್ತದೆ. ಕರ್ನಾಟಕದ ನಂಬರ್ ಇಟ್ಟುಕೊಂಡು ಬಿಲ್ಲಿನ ವಿಳಾಸ ಮಾತ್ರ ಪುಣೆಗೆ ಬದಲಿಸಿದವರಿಗೆ ಇವೆರಡರ ಜಾಗದಲ್ಲಿ ಐಜಿಎಸ್‌ಟಿ 18% ಎಂದು ಕಾಣಬಹುದು. ಗಾಬರಿ ಬೇಡ, ಮೊತ್ತ ಅಷ್ಟೇ. ಮೂರೂ ಒಟ್ಟಿಗೆ ಇದ್ದರೆ ಮಾತ್ರ ಕೇಳಿ. ಹಳೇ ಬಾಕಿ ಇದ್ದರೆ ಅದರ ಮೇಲೆ ಮತ್ತೆ ತೆರಿಗೆ ಹಾಕಿಲ್ಲವೆಂದೂ ನೋಡಿಕೊಳ್ಳಿ.

ಲೆಕ್ಕ ಕೂಡದಿದ್ದರೆ ಅದೇ ಸಿಮ್‌ನಿಂದ 198ಕ್ಕೆ ಫೋನ್ ಮಾಡಿ. 'ಬಿಲ್ ಜಾಸ್ತಿ ಬಂದಿದೆ' ಅಂದರೆ ಪ್ಲಾನ್ ವಿವರ ಓದಿ ಫೋನ್ ಇಡುತ್ತಾರೆ. 'ಜೂನ್ 11ರಿಂದ 30ರವರೆಗಿನ ಹಳೇ ಬಾಡಿಗೆ 300 ರೂ. ವಾಪಸ್ ಬಂದಿಲ್ಲ' ಎಂದು ಹೇಳಿ, ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಸರಿಪಡಿಸದಿದ್ದರೆ ಆ ನಂಬರ್ ಕೊಟ್ಟು ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಅಲ್ಲಿಯವರೆಗೆ ತಕರಾರಿಲ್ಲದ ಮೊತ್ತವನ್ನು ಗಡುವಿನೊಳಗೆ ಕಟ್ಟಿಬಿಡಿ. ಆಟೋ ಪೇ ಇದ್ದರೆ ತಕರಾರಿನ ಮೊತ್ತವೂ ತಾನಾಗಿಯೇ ಹೋಗುತ್ತದೆ, ಆ ತಿಂಗಳ ಮಟ್ಟಿಗೆ ಅದನ್ನು ನಿಲ್ಲಿಸಿ.